ನೋಡಿದ ಮೇಲಿನ ಅಂಕಕ್ಕಿಂತ ನೋಡುವ ಮುಂಚಿನ ಅಂಕ

"ನೋಡಿದ ಸಿನಿಮಾಗಳಿಗೆಲ್ಲ ಹತ್ತಕ್ಕೆ ಇಷ್ಟು ಅಂತ ಅಂಕ ಬರೆದಿಡ್ತೀನಿ. ಹೆಚ್ಚುಕಮ್ಮಿ ಎಲ್ಲದಕ್ಕೂ 7 ಇಲ್ಲಾ 8. ನನ್ನ ಟೇಸ್ಟ್ ಏನು ಅಂತ ಇದರಿಂದ ಗೊತ್ತಾಗ್ತಾನೇ ಇಲ್ಲ. ಹೇಗೆ ಬರೆದಿಟ್ರೆ ಉಪಯೋಗ?"

ಸಿನಿಮಾ ಶುರುವಾಗೋ ಮುಂಚೆಯೇ ಎರಡು ವಿಷಯ ಬರೆದುಬಿಡಿ: ಇದನ್ನೇ ಯಾಕೆ ಆರಿಸಿಕೊಂಡಿರಿ, ಎಷ್ಟು ಅಂಕ ಕೊಡಬಹುದು ಅನ್ನಿಸ್ತಿದೆ. ಮುಗಿದ ಮೇಲೆ ಕೊಟ್ಟ ಅಂಕವನ್ನ ಪಕ್ಕದಲ್ಲಿ ಬರೆದು, ಯಾಕೆ ಅಷ್ಟು ಅಂತ ಒಂದು ಸಾಲು ಸೇರಿಸಿ.

ಎಲ್ಲಾ 7, 8 ಆಗೋದು ಸಹಜ. ಹಿಡಿಸಲ್ಲ ಅಂತ ಗೊತ್ತಿರೋದನ್ನ ಯಾರೂ ಕೂತು ನೋಡಲ್ಲವಲ್ಲ. ನಿಮ್ಮ ಬಗ್ಗೆ ಏನಾದರೂ ಹೇಳೋದು ಅಂದುಕೊಂಡ ಅಂಕಕ್ಕೂ ಕೊಟ್ಟ ಅಂಕಕ್ಕೂ ಇರೋ ವ್ಯತ್ಯಾಸ.

ನನ್ನ ಶೀಟ್‌ನಿಂದಲೇ ಎರಡು ಸಾಲು ಹೇಳ್ತೀನಿ. ಒಂದು ಕ್ರೈಮ್ ಥ್ರಿಲ್ಲರ್. ಯಾಕೆ: ಟ್ರೇಲರ್. ಅಂದುಕೊಂಡಿದ್ದು 8, ಕೊಟ್ಟಿದ್ದು 5. "ಕೊಲೆಗಾರ ಯಾರು ಅಂತ ಗೊತ್ತಾದ ಮೇಲೂ ಹೊಡೆದಾಟ ಮುಗಿಯಲ್ಲ." ಇನ್ನೊಂದು ಕೌಟುಂಬಿಕ ಕಥೆ. ಯಾಕೆ: ಗೆಳೆಯನ ಒತ್ತಾಯ. ಅಂದುಕೊಂಡಿದ್ದು 5, ಕೊಟ್ಟಿದ್ದು 8. "ಅಣ್ಣ ತಮ್ಮ ಇಬ್ಬರಿಗೂ ಆಸ್ತಿ ವಿಷಯ ಗೊತ್ತು, ಇಬ್ಬರೂ ಬಾಯಿ ಬಿಡಲ್ಲ." ಶೀಟನ್ನ 'ಯಾಕೆ' ಕಾಲಂ ಪ್ರಕಾರ ಜೋಡಿಸಿದಾಗ ಟ್ರೇಲರ್ ನೋಡಿ ಆರಿಸಿದವು ಸಾಲಾಗಿ ಅಂದುಕೊಂಡ ಅಂಕಕ್ಕಿಂತ ಕೆಳಗೆ ಬಿದ್ದಿದ್ದವು. ನಾನು ಮೆಚ್ಚಿದ ಥ್ರಿಲ್ಲರ್‌ಗಳ ಟಿಪ್ಪಣಿ ಓದಿದರೆ ಎಲ್ಲದರಲ್ಲೂ ವಿಚಾರಣೆಯ ದೃಶ್ಯದ ಮಾತೇ. ಅಂದರೆ ನನಗೆ ಬೇಕಿದ್ದದ್ದು ಥ್ರಿಲ್ಲರ್ ಅಲ್ಲ, ಏನನ್ನೋ ಮುಚ್ಚಿಟ್ಟುಕೊಂಡು ಇಬ್ಬರು ಮಾತಾಡೋದು. ಅದು ಮನೆಯ ಕಥೆಯಲ್ಲೂ ಸಿಗುತ್ತೆ. ಈಗ ಟ್ರೇಲರ್‌ಗಿಂತ ಮೊದಲು ಚಿತ್ರಕಥೆ ಯಾರದ್ದು ಅಂತ ನೋಡ್ತೀನಿ.

ಪ್ರಕಾರಕ್ಕೊಂದು ಸರಾಸರಿ ತೆಗೆದು ನಂಬಬೇಡಿ. ನನ್ನ ಪಟ್ಟಿಯಲ್ಲಿ ಹಾರರ್ ಸರಾಸರಿ ಎಲ್ಲಕ್ಕಿಂತ ಮೇಲಿದೆ, ಆದರೆ ನನಗೆ ಹಾರರ್ ಅಷ್ಟಕ್ಕಷ್ಟೇ. ಎಲ್ಲರೂ ಹೊಗಳಿದವನ್ನ ಮಾತ್ರ ಹೆಕ್ಕಿ ನೋಡೋದರಿಂದ ಹಾಗೆ ಕಾಣುತ್ತೆ. ಹಾಗೇ, ಒಬ್ಬ ನಿರ್ದೇಶಕರ ಎರಡೇ ಸಿನಿಮಾ ನೋಡಿ ತೀರ್ಮಾನಕ್ಕೆ ಬರೋದೂ ಬೇಡ.

ಅಂಕವನ್ನ ಮಾರನೇ ದಿನ ಕೊಡಿ. ಮುಗಿದ ತಕ್ಷಣ ಕೊಟ್ಟರೆ ಕ್ಲೈಮ್ಯಾಕ್ಸ್‌ಗೆ ಅಂಕ ಕೊಟ್ಟ ಹಾಗಾಗುತ್ತೆ. ಆಗಲೂ 7ಕ್ಕೇ ಸಿಕ್ಕಿಹಾಕಿಕೊಂಡರೆ, ಈಗಾಗಲೇ 7 ಪಡೆದ ಒಂದು ಸಿನಿಮಾ ಎದುರಿಗಿಟ್ಟು ಕೇಳಿಕೊಳ್ಳಿ: ಇವತ್ತು ರಾತ್ರಿ ಇವೆರಡರಲ್ಲಿ ಯಾವುದನ್ನ ಮತ್ತೆ ನೋಡ್ತೀನಿ? ಉತ್ತರ ಥಟ್ಟನೆ ಬಂದರೆ ಎರಡಕ್ಕೂ ಒಂದೇ ಅಂಕ ಇರಬಾರದು.

ನೋಡಿದ ಸಿನಿಮಾ ಬರೆದಿಡೋ ಲೆಟರ್‌ಬಾಕ್ಸ್‌ಡ್ ಆ್ಯಪ್ ಬಳಸೋರಾದರೆ 'ಯಾಕೆ' ಮತ್ತು ಅಂದುಕೊಂಡ ಅಂಕವನ್ನ ಟ್ಯಾಗ್ ಆಗಿ ಹಾಕಬಹುದು. ನನಗಂತೂ ಸಾದಾ ಶೀಟೇ ಸಲೀಸು. ಎಲ್ಲಿ ಬರೆದರೂ ಅರ್ಧಕ್ಕೆ ಬಿಟ್ಟವನ್ನೂ ಸೇರಿಸಿ, ಎಷ್ಟನೇ ನಿಮಿಷಕ್ಕೆ, ಯಾಕೆ ಬಿಟ್ಟಿರಿ ಅನ್ನೋದರ ಜೊತೆಗೆ. ಪೂರ್ತಿ ನೋಡಿದವನ್ನ ಮಾತ್ರ ಬರೆದರೆ, ನಿಮಗೆ ಒಗ್ಗದೇ ಇರೋದು ಯಾವುದು ಅನ್ನೋದಕ್ಕೆ ಪುರಾವೆಯೇ ಪಟ್ಟಿಯಲ್ಲಿ ಉಳಿಯಲ್ಲ.