ಸಿಂಕಿನ ತುಕ್ಕು ಎಲ್ಲಿಂದ ಬಂತು ಅಂತ ಮೊದಲು ನೋಡಿ

*"ನಾವು ಬಾಗಲಕೋಟೆಯ ನವನಗರದಲ್ಲಿ ಹೊಸ ಮನೆ ಕಟ್ಟಿ ಎರಡು ವರ್ಷ. ಅಡುಗೆ ಮನೆಯ ಸ್ಟೀಲ್ ಸಿಂಕ್ ಮೇಲೆ ಬಿಳಿ ಕಲೆ, ಅಲ್ಲಲ್ಲಿ ಮಂಕು, ಈಗ ತುಕ್ಕಿನ ಚುಕ್ಕೆ ಬೇರೆ. ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯಬಾರದಲ್ವಾ? ಇದನ್ನು ತೆಗೆಯೋದು ಹೇಗೆ?"*

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ದಿನವಿಡೀ ಬೋರ್‌ವೆಲ್ ನೀರು, ದಿನವಿಡೀ ಪಾತ್ರೆ. ನೀವು ಹೇಳಿದ ಮೂರೂ ನಮ್ಮ ಸಿಂಕಿನಲ್ಲಿ ಇದ್ದವು. ನಾನೂ ಮೊದಲು ಅಂಗಡಿಯವರು ಕಳಪೆ ಮಾಲು ಕೊಟ್ಟರು ಅಂತಲೇ ತಿಳಿದಿದ್ದೆ.

ಪಕ್ಕದ ಫ್ಯಾಬ್ರಿಕೇಶನ್ ಅಂಗಡಿಯ ಕಾಕಾ ಒಂದು ದಿನ ಊಟಕ್ಕೆ ಬಂದಾಗ ಸಿಂಕ್ ತೋರಿಸಿದೆ. ಅವರು ಬಗ್ಗಿ ನೋಡಿ, "ಇದು ಸಿಂಕಿನ ತುಕ್ಕಲ್ಲ ತಂಗಿ, ನಿಮ್ಮ ತಂತೀದು" ಅಂದರು. ಪಾತ್ರೆ ತಿಕ್ಕುವ ತಂತಿ ಉಂಡೆಯನ್ನು ಒದ್ದೆ ಮಾಡಿ ಒಂದು ಬಿಳಿ ತಟ್ಟೆಯಲ್ಲಿ ರಾತ್ರಿಯೆಲ್ಲ ಇಡಿಸಿದರು. ಬೆಳಗ್ಗೆ ನೋಡಿದರೆ ಉಂಡೆಯ ಕೆಳಗೆ ಕಂದು ನೀರು ನಿಂತಿತ್ತು. ಆ ಉಂಡೆ ಸ್ಟೇನ್‌ಲೆಸ್ ಅಲ್ಲ, ಬರೀ ಕಬ್ಬಿಣ. ತಿಕ್ಕುವಾಗ ಕೂದಲಿನಷ್ಟು ಸಣ್ಣ ಚೂರುಗಳು ಮುರಿದು ಸಿಂಕಿಗೆ ಅಂಟಿಕೊಳ್ಳುತ್ತವೆ. ಅವು ತುಕ್ಕು ಹಿಡಿದರೆ ನಮಗೆ ಸಿಂಕೇ ತುಕ್ಕು ಹಿಡಿದಂತೆ ಕಾಣುತ್ತದೆ. ರೊಟ್ಟಿ ಹಂಚನ್ನು ತೊಳೆದು ಸಿಂಕಿನಲ್ಲೇ ಬಿಟ್ಟರೂ ಇದೇ ಕಥೆ.

ನಿಮ್ಮದು ಹೊಸ ಮನೆ ಅಂದಿರಿ. ಸಿಂಕ್ ಕೂಡಿಸಿದ ಮೇಲೆ ಕಿಟಕಿ ಗ್ರಿಲ್ ಕೆಲಸ ಏನಾದರೂ ಆಗಿತ್ತಾ, ನೆನಪು ಮಾಡಿಕೊಳ್ಳಿ. ಕಬ್ಬಿಣ ಕತ್ತರಿಸುವಾಗ ಹಾರುವ ಕಿಡಿ ಸಿಂಕಿಗೆ ಬಿದ್ದು ಅಂಟಿದ್ದರೂ ಹೀಗೇ ಚುಕ್ಕೆ ಏಳುತ್ತವೆ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇರುತ್ತದೆ, ಕನಿಷ್ಠ ನೂರಕ್ಕೆ ಹತ್ತೂವರೆ ಭಾಗ. ಅದು ಗಾಳಿ ತಾಗಿದಾಗ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಒಳಗಿನ ಕಬ್ಬಿಣವನ್ನು ಕಾಯುವುದು ಆ ಪದರವೇ. ಗೀರು ಬಿದ್ದರೂ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ, ಆದರೆ ಜಾಗ ಸ್ವಚ್ಛ ಇರಬೇಕು. ಮೇಲೆ ಕಬ್ಬಿಣದ ಚೂರೋ ಸುಣ್ಣದ ಪೊರೆಯೋ ಕೂತಿದ್ದರೆ ಅದರ ಅಡಿಯಲ್ಲಿ ಪದರ ಸರಿಯಾಗಿ ಕಟ್ಟುವುದಿಲ್ಲ. ಅದಕ್ಕೇ ಉಜ್ಜಿ ಉಜ್ಜಿ ಹೊಳಪು ತರುವುದಕ್ಕಿಂತ ಆ ಕಬ್ಬಿಣ ಮತ್ತು ಸುಣ್ಣವನ್ನು ಕರಗಿಸಿ ತೆಗೆಯುವುದು ಒಳ್ಳೆಯದು.

ಎರಡನ್ನೂ ಕರಗಿಸುವ ವಸ್ತು ಒಂದೇ, ಸಿಟ್ರಿಕ್ ಆ್ಯಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಸಿಗುತ್ತದೆ. ಇಂಡಿ ಕಡೆಯ ಒಳ್ಳೆ ರಸ ಇರುವ ಲಿಂಬೆಹಣ್ಣಿನಲ್ಲಿ ಇರುವುದೂ ಅದೇ ಹುಳಿ. ಬಿಳಿ ಕಲೆಗೆ ಹಣ್ಣಿನ ರಸ ಸಾಕು, ತುಕ್ಕಿಗೆ ಪುಡಿಯೇ ಬೇಕು.

ನಾನು ಮಾಡಿದ್ದು ಹೀಗೆ. ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ಸಿಂಕಿನ ಜಿಡ್ಡು ಪೂರ್ತಿ ತೆಗೆದೆ. ಎಣ್ಣೆ ಇದ್ದರೆ ಹುಳಿ ಒಳಗೆ ಇಳಿಯುವುದಿಲ್ಲ. ಒಂದು ಲೋಟ ಬಿಸಿ ನೀರಿಗೆ ಎರಡು ಸಣ್ಣ ಚಮಚ ಪುಡಿ ಕರಗಿಸಿದೆ. ಹಳೆ ಹತ್ತಿ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ, ಕಲೆಗಳ ಮೇಲೆ ಹಾಸಿ, ಗಾಳಿ ಉಳಿಯದಂತೆ ಕೈಯಿಂದ ಒತ್ತಿದೆ. ಇಪ್ಪತ್ತು ನಿಮಿಷಕ್ಕೆ ಬಟ್ಟೆಯ ಅಂಚು ಎತ್ತಿ ನೋಡಿದೆ. ಬಿಳಿ ಪೊರೆ ಮೆತ್ತಗಾಗಿತ್ತು. ಬೆರಳಿಂದ ಒರೆಸಿದರೆ ಬಂತು. ಕೆಲವು ಕಡೆ ಸಣ್ಣಗೆ ಗುಳ್ಳೆ ಏಳುತ್ತಿದ್ದವು. ಅದು ಬೋರ್ ನೀರಿನ ಸುಣ್ಣ ಕರಗುವ ಗುರುತು.

ತುಕ್ಕಿನ ಚುಕ್ಕೆ ಇದ್ದ ಕಡೆ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ, ಒಣಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ಗಂಟೆ ಬಿಟ್ಟೆ. ಆಮೇಲೆ ನೀರು ಹಾಕಿ ಚೆನ್ನಾಗಿ ತೊಳೆದೆ. ತೊಳೆದ ಮೇಲೆಯೇ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಬಟ್ಟೆಯಿಂದ ತಿಕ್ಕಿದೆ. ತುಂಬಾ ಜನ ಹುಳಿ ಮತ್ತು ಸೋಡಾ ಒಟ್ಟಿಗೆ ಹಾಕುತ್ತಾರೆ. ನೊರೆ ಜೋರಾಗಿ ಬರುತ್ತದೆ ನಿಜ, ಆದರೆ ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಕಲೆಗೆ ಏನೂ ಉಳಿಯುವುದಿಲ್ಲ. ತಿಕ್ಕುವಾಗ ಸ್ಟೀಲಿನ ಮೇಲಿನ ಸಣ್ಣ ಗೆರೆಗಳು ಹೋದ ದಿಕ್ಕಿಗೇ ತಿಕ್ಕಿ. ಅಡ್ಡ ತಿಕ್ಕಿದರೆ ಗೀರು ಎದ್ದು ಕಾಣುತ್ತದೆ.

ನಮ್ಮ ಸಿಂಕಿನಲ್ಲಿ ಸುಮಾರು ಮೂವತ್ತು ಚುಕ್ಕೆ ಇದ್ದವು. ಮೊದಲ ದಿನ ಆರು ಉಳಿದವು. ಮರುದಿನ ಇನ್ನೊಂದು ಸಲ ಮಾಡಿದ ಮೇಲೆ ಎರಡೇ. ಆ ಎರಡೂ ನೀರು ಹೋಗುವ ಜಾಲರಿಯ ಪಕ್ಕದಲ್ಲಿದ್ದವು. ಟೂತ್‌ಪಿಕ್ ತುದಿ ಆಡಿಸಿದರೆ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಂದರೆ ಅದು ಮೇಲೆ ಅಂಟಿದ ತುಕ್ಕಲ್ಲ, ಸ್ಟೀಲಿಗೇ ಬಿದ್ದ ಕುಳಿ. ಉಪ್ಪಿನಕಾಯಿ ಭರಣಿ ತೊಳೆದ ನೀರು ಅಲ್ಲಿ ರಾತ್ರಿಯೆಲ್ಲ ನಿಲ್ಲುತ್ತಿತ್ತು. ಉಪ್ಪು ಆ ಕಾಯುವ ಪದರವನ್ನು ಅಲ್ಲಲ್ಲಿ ಚುಚ್ಚಿ ತೂತು ಮಾಡುತ್ತದೆ. ಕುಳಿ ಬಿದ್ದರೆ ತುಂಬಿ ಬರುವುದಿಲ್ಲ. ಒಳಗಿನ ತುಕ್ಕು ತೆಗೆದು ಒಣಗಿಸಿ ಇಟ್ಟರೆ ಬೇಗ ಬೆಳೆಯುವುದಿಲ್ಲ, ಅಷ್ಟೇ.

ನಿಮ್ಮಲ್ಲಿ ತೆಗೆದ ಚುಕ್ಕೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಕುಳಿ ಅಂತ ತಿಳಿಯಿರಿ. ತಂತಿ, ಹಂಚು, ಉಪ್ಪು ಎಲ್ಲ ದೂರ ಇಟ್ಟರೂ ಹೊಸ ಹೊಸ ಜಾಗದಲ್ಲಿ ಬರುತ್ತಿದ್ದರೆ ಆಗ ಮಾತ್ರ ಸ್ಟೀಲಿನ ಮೇಲೆ ಅನುಮಾನ ಪಡಿ. 304 ಅನ್ನುವ ಜಾತಿಯಲ್ಲಿ ಕ್ರೋಮಿಯಂ ಸುಮಾರು 18, ನಿಕಲ್ ಸುಮಾರು 8 ಭಾಗ ಇರುತ್ತದೆ. 200 ಸಾಲಿನ ಅಗ್ಗದ ಸ್ಟೀಲಿನಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಅದಕ್ಕೆ ತುಕ್ಕು ಬೇಗ ಹಿಡಿಯುತ್ತದೆ.

ಮಂಕಿನ ವಿಷಯ. ಹುಳಿ ಬಟ್ಟೆ ಇಟ್ಟು ತೆಗೆದಾಗ ಹೊಳಪು ಬಂದರೆ ಅದು ಸುಣ್ಣವೇ ಆಗಿತ್ತು. ಬರದೇ ಇದ್ದರೆ, ಉಗುರಿಗೂ ಏನೂ ಪೊರೆ ಸಿಗದಿದ್ದರೆ, ಅದು ಗೀರು ಬಿದ್ದ ಜಾಗ. ಅದಕ್ಕೆ ಯಾವ ಹುಳಿಯೂ ನಾಟುವುದಿಲ್ಲ. ಸೋಡಾ ಹಾಕಿ ಗೆರೆಯ ದಿಕ್ಕಿಗೆ ನಾಲ್ಕಾರು ಸಲ ತಿಕ್ಕಿದರೆ ಸ್ವಲ್ಪ ಕಡಿಮೆ ಕಾಣುತ್ತದೆ. ನಮ್ಮದರಲ್ಲಿ ಕುಕ್ಕರ್ ಎಳೆದು ಎಳೆದು ಆದ ಒಂದು ಅಂಗೈಯಷ್ಟು ಜಾಗ ಇನ್ನೂ ಹಾಗೇ ಇದೆ.

ಎರಡು ವಿಷಯ ದಯವಿಟ್ಟು ಗಮನದಲ್ಲಿಡಿ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಸಿಂಕಿಗೆ ಹಾಕಬೇಡಿ. ಅದು ಹೈಡ್ರೋಕ್ಲೋರಿಕ್ ಆ್ಯಸಿಡ್, ಕುಳಿ ಬೀಳಿಸುವುದೇ ಅದರ ಗುಣ. ಬ್ಲೀಚಿಂಗ್ ಹಾಕಿದ ಸಿಂಕಿಗಂತೂ ಯಾವ ಹುಳಿಯನ್ನೂ ಸುರಿಯಬೇಡಿ, ವಿಷದ ಗಾಳಿ ಏಳುತ್ತದೆ. ಇನ್ನು ನಿಮ್ಮ ಅಡುಗೆ ಕಟ್ಟೆ ಶಹಾಬಾದ್ ಅಥವಾ ಕಡಪಾ ಕಲ್ಲಿನದಾಗಿದ್ದರೆ ಅದರ ಮೇಲೆ ಹುಳಿ ನೀರು ಬೀಳದಂತೆ ಅಂಚಿಗೆ ಒಣ ಬಟ್ಟೆ ಹಾಕಿ. ಅವು ಸುಣ್ಣದ ಕಲ್ಲು, ಬಿದ್ದ ಕಡೆ ಹೊಳಪು ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ಇಳಕಲ್ ಗ್ರಾನೈಟ್ ಆದರೆ ಆ ಚಿಂತೆ ಇಲ್ಲ.

ಈಗ ನಮ್ಮಲ್ಲಿ ತಂತಿ ಬದಲು ನೈಲಾನ್ ಸ್ಕ್ರಬ್ಬರ್ ಇದೆ. ಹಂಚು ತೊಳೆದ ಕೂಡಲೇ ಒಲೆಯ ಮೇಲೆ ಹೋಗುತ್ತದೆ. ರಾತ್ರಿ ಬಾಗಿಲು ಹಾಕುವ ಮುಂಚೆ ಸಿಂಕನ್ನು ಒಣ ಬಟ್ಟೆಯಿಂದ ಒರೆಸುತ್ತೇವೆ. ನೀರು ಒಣಗಿದ ಕಡೆಯೇ ಸುಣ್ಣ ಕೂರುವುದು, ಒರೆಸಿಬಿಟ್ಟರೆ ಕೂರಲು ಏನೂ ಇರುವುದಿಲ್ಲ. ಬಿಳಿ ಪೊರೆಗೆ ತಿಂಗಳಿಗೊಮ್ಮೆ ಹತ್ತು ನಿಮಿಷ ಹುಳಿ ಬಟ್ಟೆ ಇಟ್ಟರೆ ಸಾಕಾಗುತ್ತಿದೆ. ನೀವು ಇವತ್ತು ರಾತ್ರಿ ನಿಮ್ಮ ತಂತಿ ಉಂಡೆಯನ್ನು ಒದ್ದೆ ಮಾಡಿ ತಟ್ಟೆಯಲ್ಲಿಡಿ, ಬೆಳಗ್ಗೆ ಏನು ಕಂಡಿತು ಅಂತ ಇಲ್ಲೇ ಬರೆಯಿರಿ.