ಸಂಜೆ ಆರಕ್ಕೆ ಶುರುವಾಗುವ ಅಳು

ಡಾಕ್ಟ್ರೇ, ಮಗನಿಗೆ ಐದು ವಾರ. ಹದಿನೈದು ದಿನದಿಂದ ಸಂಜೆ ಆರಕ್ಕೆ ಅಳು ಶುರು ಮಾಡಿದರೆ ಒಂಬತ್ತರ ತನಕ ನಿಲ್ಲಿಸಲ್ಲ. ಮುಖ ಕೆಂಪಾಗುತ್ತೆ, ಕಾಲು ಮಡಚ್ತಾನೆ, ಗ್ಯಾಸ್ ಬಿಡ್ತಾನೆ. ನಿಂಗೆ ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಹಾಕು ಅಂತಾರೆ ಅಮ್ಮ. ಏನು ಮಾಡಲಿ?
*– ಬಾಣಂತಿ, ದಾವಣಗೆರೆ*

ನೋಡಮ್ಮ, ಡಬ್ಬಿ ತೆರೆಯುವ ಮೊದಲು ಮಗುವನ್ನು ತೂಕ ಮಾಡಿಸಿ. ವಾರಕ್ಕೆ 150ರಿಂದ 200 ಗ್ರಾಂ ಏರುತ್ತಿದ್ದು, ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ ನಿಮ್ಮ ಹಾಲು ಸಾಲುತ್ತಿದೆ. ಹಾಲು ಸಾಲದ ಮಗು ಸಂಜೆ ಮಾತ್ರ ಅಳುವುದಿಲ್ಲ. ಅದರ ತೂಕ ಏರುವುದಿಲ್ಲ, ಹಗಲಲ್ಲೂ ಕಿರಿಕಿರಿ ಮಾಡುತ್ತದೆ.

ನೀವು ಬರೆದಿರುವುದು ಕಾಲಿಕ್ ಇದ್ದ ಹಾಗೇ ಇದೆ, ಅಂದರೆ ಆರೋಗ್ಯವಾಗಿರುವ ಎಳೆಮಗು ಕಾರಣ ಕಾಣದೆ ದಿನಾ ಗಂಟೆಗಟ್ಟಲೆ ಅಳುವುದು. ಇದಕ್ಕೊಂದು ಗಡಿಯಾರ ಇರುತ್ತದೆ. ಎರಡು ಮೂರು ವಾರಕ್ಕೆ ಶುರುವಾಗಿ, ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ದಿನದಲ್ಲೂ ಹಾಗೇ, ಸಂಜೆಯ ಹೊತ್ತೇ ಜಾಸ್ತಿ. ಉಳಿದ ಹೊತ್ತು ಮಗು ಹಾಲು ಕುಡಿಯುತ್ತದೆ, ಕಣ್ಣರಳಿಸಿ ನೋಡುತ್ತದೆ, ಮಲಗುತ್ತದೆ. ನಾನು ಮೊದಲು ಕೇಳುವುದು ಅದನ್ನೇ. ಬೆಳಿಗ್ಗೆ ಹತ್ತಕ್ಕೆ ಮಗು ಹೇಗಿರುತ್ತದೆ?

ಗ್ಯಾಸ್ ಬಗ್ಗೆ ವಾರಕ್ಕೆ ಹತ್ತು ಪತ್ರ ಬರುತ್ತದೆ. ಮಗು ಅಳುವಾಗ ಗಾಳಿ ನುಂಗುತ್ತದೆ, ಆ ಗಾಳಿ ಕೆಳಗೆ ಹೋಗುತ್ತದೆ. ಅತ್ತಿದ್ದಕ್ಕೆ ಗ್ಯಾಸ್ ಬಂತು, ಗ್ಯಾಸ್ ಬಂದಿದ್ದಕ್ಕೆ ಅತ್ತದ್ದಲ್ಲ. ಕಾಲು ಮಡಚುವುದೂ ಅಷ್ಟೇ. ಯಾವ ಕಾರಣಕ್ಕೆ ಅತ್ತರೂ ಈ ವಯಸ್ಸಿನ ಮಗು ಕಾಲು ಮಡಚುತ್ತದೆ.

ಹಾಲು ಕೊಡುವ ರೀತಿಯಲ್ಲಿ ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಕಳೆದ ಮಳೆಗಾಲದಲ್ಲಿ ಆರು ವಾರದ ಹೆಣ್ಣುಮಗುವನ್ನು ಕರೆತಂದಿದ್ದರು. ಹುಟ್ಟಿದಾಗ 2.9 ಕೆ.ಜಿ., ಆವತ್ತು 4.7. ವಾರಕ್ಕೆ 300 ಗ್ರಾಂ! ಆದರೂ ಮನೆಯವರೆಲ್ಲ ಹಾಲು ಸಾಲುತ್ತಿಲ್ಲ ಅನ್ನುತ್ತಿದ್ದರು. ಮಲ ಹಸಿರಾಗಿ, ನೊರೆನೊರೆಯಾಗಿ, ಸಿಡಿದಂತೆ ಬರುತ್ತಿತ್ತು. ಎದೆಗೆ ಹಾಕಿದ ಕೂಡಲೇ ಮಗು ಕೆಮ್ಮಿ, ಉಸಿರು ಕಟ್ಟಿದಂತಾಗಿ, ಬಾಯಿ ಬಿಡುತ್ತಿತ್ತು. ಎರಡೂ ಕಡೆ ಸಮ ಕುಡಿಸಬೇಕು ಅಂತ ಯಾರೋ ಹೇಳಿದ್ದರಂತೆ. ಆ ತಾಯಿ ಐದೈದು ನಿಮಿಷಕ್ಕೆ ಬದಿ ಬದಲಿಸುತ್ತಿದ್ದಳು.

ತುಂಬಿದ ಎದೆಯಿಂದ ಮೊದಲು ಬರುವ ಹಾಲು ನೀರಾಗಿರುತ್ತದೆ. ಕೊಬ್ಬು ಕೊನೆಕೊನೆಗೆ ಬರುತ್ತದೆ. ಹಾಲು ಜಾಸ್ತಿ ಇರುವ ತಾಯಿ ಬದಿ ಬದಲಿಸುತ್ತಲೇ ಇದ್ದರೆ ಮಗುವಿಗೆ ಎರಡೂ ಕಡೆಯ ನೀರುಹಾಲೇ ಸಿಗುತ್ತದೆ. ಅದು ಕರುಳಲ್ಲಿ ಬೇಗ ಸಾಗಿಬಿಡುತ್ತದೆ, ಅದರ ಸಕ್ಕರೆ ಜೀರ್ಣವಾಗದೆ ಹುಳಿಯುತ್ತದೆ. ಆ ತಾಯಿಗೆ ಹೇಳಿದ್ದು ಇಷ್ಟೇ. ಮೂರು ಗಂಟೆ ಕಾಲ ಮಗು ಎಷ್ಟು ಸಲ ಕೇಳಿದರೂ ಒಂದೇ ಬದಿ, ಮುಂದಿನ ಮೂರು ಗಂಟೆ ಇನ್ನೊಂದು ಬದಿ. ಕುಡಿಸದೆ ಬಿಟ್ಟ ಬದಿ ಬಿಗಿದರೆ ನೋವು ಇಳಿಯುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆಯಿರಿ. ಕುಡಿಸುವಾಗ ನೀವು ಹಿಂದಕ್ಕೆ ಒರಗಿಕೊಳ್ಳಿ, ಹಾಲಿನ ರಭಸ ತಗ್ಗುತ್ತದೆ. ಐದನೇ ದಿನಕ್ಕೆ ಮಲ ಹಳದಿಗೆ ತಿರುಗಿತು. ಅಳು ಪೂರ್ತಿ ನಿಲ್ಲಲಿಲ್ಲ. ಮೂರು ಗಂಟೆ ಇದ್ದದ್ದು ಒಂದೂವರೆಗೆ ಬಂತು, ಮೂರು ತಿಂಗಳು ತುಂಬುವಷ್ಟರಲ್ಲಿ ಹೋಯಿತು. ತೂಕ ಚೆನ್ನಾಗಿ ಏರುತ್ತಿದ್ದರೆ ಮಾತ್ರ ಹೀಗೆ ಮಾಡಿ. ತೂಕ ಕಮ್ಮಿ ಇರುವ ಮಗುವಿಗೆ ಮಾಡಿದರೆ ಇರುವ ಹಾಲೂ ಇಳಿಯುತ್ತದೆ.

ಮಲದಲ್ಲಿ ರಕ್ತ ಅಥವಾ ಲೋಳೆ, ಜೊತೆಗೆ ಮೈಮೇಲೆ ಒಣ ಕೆಂಪು ಕಜ್ಜಿ, ಪದೇ ಪದೇ ವಾಂತಿ ಇದ್ದರೆ ಹಸುವಿನ ಹಾಲಿನ ಅಲರ್ಜಿ ಇರಬಹುದು. ಆಗ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ನೀವು ಎರಡು ವಾರ ಹಾಲು, ಮೊಸರು, ಪನೀರ್ ಬಿಟ್ಟು ನೋಡುವುದುಂಟು. ಇದು ಯಾವುದೂ ಇಲ್ಲದೆ ಸುಮ್ನೆ ಊಟ ಬಿಡಬೇಡಿ. ಬೇಳೆ ಬೇಡ, ಆಲೂಗಡ್ಡೆ ಬೇಡ, ನೀರು ಕಮ್ಮಿ ಅಂತ ಬಾಣಂತಿಯನ್ನು ಒಣಗಿಸುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಎತ್ತಿಕೊಳ್ಳುವುದು. ಮಗುವನ್ನು ನಿಮ್ಮ ಮುಂಗೈ ಮೇಲೆ ಬೋರಲು ಮಲಗಿಸಿ. ತಲೆ ಮೊಣಕೈ ಮಡಿಕೆಯಲ್ಲಿ ಇರಲಿ, ಮುಖ ಹೊರಗೆ ತಿರುಗಿರಲಿ, ಮೂಗಿಗೆ ಏನೂ ಅಡ್ಡ ಬರಬಾರದು. ನಿಮ್ಮ ಅಂಗೈ ಮಗುವಿನ ಎರಡು ಕಾಲ ಮಧ್ಯೆ ಬಂದು ತೊಡೆ ಹಿಡಿದಿರಲಿ. ಇನ್ನೊಂದು ಕೈ ಬೆನ್ನ ಮೇಲೆ. ಲೈಟು ಕಮ್ಮಿ ಮಾಡಿ, ಟಿವಿ ಆರಿಸಿ, ನಿಧಾನ ನಡೆಯಿರಿ. ಹತ್ತು ನಿಮಿಷ ಹಾಗೇ ಇರಿ. ಎರಡು ನಿಮಿಷಕ್ಕೊಮ್ಮೆ ಅಜ್ಜಿ, ಅತ್ತೆ, ಚಿಕ್ಕಮ್ಮ ಅಂತ ಕೈಯಿಂದ ಕೈಗೆ ದಾಟಿಸಿದರೆ ಮಗು ಇನ್ನೂ ಕೆರಳುತ್ತದೆ. ಸ್ವೆಟರು, ಕುಲಾವಿ, ಎರಡು ಹೊದಿಕೆ ಇದ್ದರೆ ಮೊದಲು ಬಿಚ್ಚಿ. ಸೆಕೆಗೇ ಅಳುವ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಸಾಂಬ್ರಾಣಿ ಹೊಗೆ ಖಂಡಿತ ಬೇಡ. ನಿದ್ದೆ ಬಂದ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಬೋರಲು ಬೇಡ.

ಒಂದು ಸಂಜೆ ನಿಮಗೆ ಸಿಟ್ಟು ತಡೆಯಲಾಗದೆ ಹೋಗಬಹುದು. ಆಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲಾಚೆ ಹೋಗಿ ಹತ್ತು ನಿಮಿಷ ಕೂತುಕೊಳ್ಳಿ. ಅತ್ತು ಮಗುವಿಗೆ ಏನೂ ಆಗುವುದಿಲ್ಲ. ಹಿಡಿದು ಅಲುಗಾಡಿಸಿದರೆ ಮಿದುಳಲ್ಲಿ ರಕ್ತ ಒಸರುತ್ತದೆ. ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿ.

ಇನ್ನು ಬೇರೆಯವರು ಕೇಳಿದ ಪ್ರಶ್ನೆಗಳು.

ಗ್ರೈಪ್ ವಾಟರ್ ಎಷ್ಟು ಚಮಚ ಕೊಡಬೇಕು?

ಒಂದೂ ಬೇಡ. 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಔಷಧಿ ಅದು, ಆಗ ಅದರಲ್ಲಿ ಆಲ್ಕೋಹಾಲ್ ಇತ್ತು. ಈಗಿನದರಲ್ಲಿ ಉಳಿದಿರುವುದು ಸಿಹಿ ಮಾತ್ರ ಅನ್ನಿ.

ಮೆಡಿಕಲ್ ಶಾಪಿನವರು ಹೊಟ್ಟೆನೋವಿನ ಡ್ರಾಪ್ಸ್ ಕೊಟ್ಟರು. ಎರಡು ತಿಂಗಳ ಮಗುವಿಗೆ ಹಾಕಬಹುದಾ?

ಬಾಟಲಿ ಮೇಲೆ ಡೈಸೈಕ್ಲೋಮಿನ್ ಅಂತ ಇದ್ದರೆ ಇವತ್ತೇ ಎಸೆಯಿರಿ. ಆರು ತಿಂಗಳೊಳಗಿನ ಮಕ್ಕಳಿಗೆ ಅದರಿಂದ ಉಸಿರು ನಿಂತ ಉದಾಹರಣೆಗಳಿವೆ.

ಬಜೆ ತೇಯ್ದು ಜೇನಲ್ಲಿ ನೆಕ್ಕಿಸಬಹುದಾ? ಹೊಟ್ಟೆ ಮೇಲೆ ಬರೆ ಹಾಕಿದರೆ ಬೇಗ ಕಮ್ಮಿ ಆಗುತ್ತಂತೆ, ನಿಜವಾ?

ವರ್ಷ ತುಂಬುವ ತನಕ ಜೇನು ವಿಷ ಇದ್ದಂತೆ. ಬಜೆಯೂ ಬೇಡ. ಬರೆ ಹಾಕುವುದು ಚಿಕಿತ್ಸೆ ಅಲ್ಲ, ಮಗುವನ್ನು ಸುಡುವುದು. ಹಾಕುವವನನ್ನು ಮನೆಯೊಳಗೆ ಬಿಡಬೇಡಿ.

ಎರಡು ತಿಂಗಳ ಮಗು, ನಿನ್ನೆ ಮಧ್ಯಾಹ್ನದಿಂದ ಒಂದೇ ಸಮ ಅಳು. ಇದೂ ಕಾಲಿಕ್ ಅಲ್ವಾ?

ಮೊದಲ ದಿನದ ಅಳುವಿಗೆ ಆ ಹೆಸರು ಇಡಲೇಬೇಡಿ. ದಿನಾ ಅದೇ ಹೊತ್ತಿಗೆ ಬಂದು ಹೋದರೆ ಮಾತ್ರ ಅದು ಕಾಲಿಕ್. ಬಟ್ಟೆ ಪೂರ್ತಿ ಬಿಚ್ಚಿ ನೋಡಿ. ತೊಡೆಸಂದಿಯಲ್ಲಿ ಗಟ್ಟಿ ಊತ ಇದೆಯಾ? ಕಾಲ್ಬೆರಳಿಗೆ ಕೂದಲೆಳೆ ಬಿಗಿದಿದೆಯಾ? ಬಾಣಂತಿಯ ಕೂದಲು ಉದುರುವ ಕಾಲ ಇದು, ಸಾಕ್ಸಿನೊಳಗೆ ಸೇರಿ ಸುತ್ತಿಕೊಳ್ಳುತ್ತದೆ. ಜ್ವರ 100.4 ಡಿಗ್ರಿ ದಾಟಿದರೆ, ವಾಂತಿ ಹಸಿರಾಗಿದ್ದರೆ, ಹೊಟ್ಟೆ ಬಿಗಿದು ಉಬ್ಬಿದರೆ, ಹಾಲು ಬಿಟ್ಟು ಮಂಕಾದರೆ ರಾತ್ರಿ ಎರಡಾದರೂ ಆಸ್ಪತ್ರೆಗೆ ಹೊರಡಿ. ಇದು ಯಾವುದೂ ಕಾಣದೆ ಅಳು ಮಾತ್ರ ನಿಲ್ಲದಿದ್ದರೂ ಅದೇ ದಿನ ತೋರಿಸಿ.

ಐದು ತಿಂಗಳ ಮಗು. ಇಪ್ಪತ್ತು ನಿಮಿಷಕ್ಕೊಮ್ಮೆ ಕಿರುಚುತ್ತೆ, ಆಮೇಲೆ ಬಿಳುಚಿಕೊಂಡು ಸುಮ್ಮನೆ ಮಲಗುತ್ತೆ. ಮತ್ತೆ ಕಾಲಿಕ್ ಬಂತಾ?

ಕಾಲಿಕ್ ಐದನೇ ತಿಂಗಳಲ್ಲಿ ಶುರುವಾಗುವುದಿಲ್ಲ. ಇವರು ಕೊಟ್ಟ ನಂಬರಿಗೆ ನಾನೇ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದೆ. ಉಳಿದವರು ತಿಳಿದಿರಲಿ ಅಂತ ಇಲ್ಲಿ ಹಾಕಿದ್ದೇನೆ. ಕರುಳಿನ ಒಂದು ತುಂಡು ಇನ್ನೊಂದರೊಳಗೆ ಸೇರಿಕೊಂಡರೆ ಹೀಗೇ ಆಗುತ್ತದೆ. ಬೇಗ ಬಂದರೆ ಗುದದ ಮೂಲಕ ಗಾಳಿ ಅಥವಾ ನೀರಿನ ಒತ್ತಡ ಕೊಟ್ಟು, ಆಪರೇಷನ್ ಇಲ್ಲದೆ ಅದನ್ನು ಬಿಡಿಸಲು ಆಗುತ್ತದೆ. ಮಲದಲ್ಲಿ ಕೆಂಪು ಜಾಮಿನಂಥ ರಕ್ತ ಕಾಣುವ ತನಕ ಕಾಯಬೇಡಿ, ಆ ಹೊತ್ತಿಗೆ ಕರುಳು ಕೆಡಲು ಶುರುವಾಗಿರಬಹುದು.