ಅರ್ಧ ಕಿಲೋ ಉಚಿತ ಕೊಟ್ಟು ಕೆಡಬೇಡಿ

*ಮಾನ್ಯ ಸಂಪಾದಕರೇ, ನಗರದಲ್ಲಿ ಮೊದಲ ಸಲ ನಾಯಿ ಸಾಕುವವರಿಗೆಂದೇ ಒಣ ಆಹಾರದ ಬ್ರ್ಯಾಂಡ್ ತರಲಿದ್ದೇವೆ. ‘ನಿಮ್ಮ ಮನೆಯ ಮಗುವಿಗೆ’ ಎಂಬ ಘೋಷವಾಕ್ಯ, ಚೆಂದದ ಚೀಲ, ಅರ್ಧ ಕಿಲೋ ಉಚಿತ ಮಾದರಿ ಸಾಕೆನ್ನುತ್ತದೆ ಜಾಹೀರಾತು ಸಂಸ್ಥೆ. ಉಣಿಸುವ ಕ್ರಮ ತಿಳಿಸುವುದಕ್ಕೆ ಹಣ ಹಾಕೋಣ ಎನ್ನುತ್ತಾರೆ ನನ್ನ ಪಾಲುದಾರರು. ಚೀಲದ ನಕ್ಷೆ ಲಗತ್ತಿಸಿದ್ದೇನೆ. ನಿಮ್ಮ ಮತ ಯಾರಿಗೆ? – ಒಬ್ಬ ಓದುಗ*

ಚೀಲ ಚೆಂದವಿರಲಿ, ಬೇಡವೆನ್ನುವುದಿಲ್ಲ. ಅಂಗಡಿಯ ಕಪಾಟಿನಿಂದ ಕೈಗೆ ಬರುವುದು ಅದರಿಂದಲೇ. ಇಷ್ಟು ಹೇಳಿ ನಿಮ್ಮ ಪಾಲುದಾರರ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುತ್ತೇನೆ.

ನಮ್ಮ ಮನೆಗೆ ಮೊದಲ ನಾಯಿ ಬಂದಾಗ ಹೊಸ ಆಹಾರವನ್ನು ಮೊದಲ ರಾತ್ರಿಯೇ ಬಟ್ಟಲು ತುಂಬ ಸುರಿದೆ. ಮೂರು ದಿನ ನೆಲ ಒರೆಸಿದೆ. ಕಂಪನಿಯನ್ನು ಮನಸಾರೆ ಬೈದು ಚೀಲ ಎಸೆದೆ. ಪಶುವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: “ಆಹಾರ ಬದಲಿಸಲು ಎಷ್ಟು ದಿನ ತೆಗೆದುಕೊಂಡಿರಿ?”

ಸಾಮಾನ್ಯವಾಗಿ ಒಂದು ವಾರ ಬೇಕು. ಎರಡು ದಿನ ಕಾಲು ಭಾಗ ಹೊಸತು, ಎರಡು ದಿನ ಅರ್ಧ, ಎರಡು ದಿನ ಮುಕ್ಕಾಲು, ಏಳನೆಯ ದಿನ ಪೂರ್ತಿ. ಮಲ ಸಡಿಲವಾದರೆ ಅದೇ ಹಂತದಲ್ಲಿ ಇನ್ನೆರಡು ದಿನ ನಿಲ್ಲಬೇಕು. ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ ಪಟ್ಟಿ ಬದಿಗಿಟ್ಟು ವೈದ್ಯರಲ್ಲಿಗೆ ಓಡಬೇಕು.

ಈಗ ನಿಮ್ಮ ಉಚಿತ ಮಾದರಿಗೆ ಬರೋಣ. ಸಂತಾನಹರಣ ಚಿಕಿತ್ಸೆಯಾದ, 10 ಕಿಲೋ ತೂಗುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 630 ಕಿಲೋಕ್ಯಾಲರಿ ಬೇಕು. 100 ಗ್ರಾಮಿನಲ್ಲಿ 350 ಕಿಲೋಕ್ಯಾಲರಿ ಇರುವ ಆಹಾರವಾದರೆ ಅದು 180 ಗ್ರಾಂ. ಮೊದಲೆರಡು ದಿನ ನಿಮ್ಮದು 45 ಗ್ರಾಮಿನಂತೆ ಹೋಗುತ್ತದೆ, ಆಮೇಲೆ 90, ಆಮೇಲೆ 135. ಅರ್ಧ ಕಿಲೋ ಆರನೆಯ ದಿನವೇ ಮುಗಿಯುತ್ತದೆ. ಪೂರ್ತಿ ನಿಮ್ಮ ಆಹಾರ ತಿಂದ ಒಂದು ದಿನವನ್ನೂ ಆ ನಾಯಿ ಕಾಣುವುದಿಲ್ಲ. ಹೊಟ್ಟೆ ಇನ್ನೂ ಹೊಂದಿಕೊಳ್ಳುತ್ತಿರುವಾಗಲೇ ಮಾಲೀಕರು ತೀರ್ಪು ಕೊಟ್ಟಿರುತ್ತಾರೆ. ಅದೇ 2 ಕಿಲೋ ಚೀಲವಾದರೆ ಬದಲಾವಣೆಯ ವಾರಕ್ಕೆ 720 ಗ್ರಾಂ, ಮರುವಾರಕ್ಕೆ 1,260 ಗ್ರಾಂ. ಲೆಕ್ಕ ಸರಿಯಾಗಿ ಕೂರುತ್ತದೆ. ಉಚಿತ ಕೊಡಲಾಗದಿದ್ದರೆ ರಿಯಾಯಿತಿಯಲ್ಲಿ ಕೊಡಿ. ಎರಡನೆಯ ಚೀಲ ಕೊಳ್ಳುವವರು ಹುಟ್ಟುವುದು ಆ ಮರುವಾರದಲ್ಲಿ.

ಜೊತೆಗೊಂದು ಅಳತೆ ಲೋಟ ಇಡಿ, ಗ್ರಾಮಿನ ಗೆರೆ ಕೊರೆದದ್ದು. ಅಕ್ಕರೆಯ ಕೈ ಯಾವಾಗಲೂ ಗೋಪುರ ಕಟ್ಟುತ್ತದೆ. ಹೊತ್ತಿಗೆ 30 ಗ್ರಾಮಿನಂತೆ ಎರಡು ಹೊತ್ತು ಹೆಚ್ಚಾದರೆ ಆ ನಾಯಿಗೆ ಮೂರನೆಯ ಒಂದು ಪಾಲು ಊಟ ಜಾಸ್ತಿಯಾಯಿತು. ‘ಮಗು’ ಎಂದು ಕರೆದಷ್ಟೂ ಗೋಪುರ ಬೆಳೆಯುತ್ತದೆ, ಸ್ವಾಮಿ!

1860ರ ದಶಕದಲ್ಲಿ ಜೇಮ್ಸ್ ಸ್ಪ್ರಾಟ್ ಲಂಡನ್ನಿನಲ್ಲಿ ನಾಯಿ ಬಿಸ್ಕತ್ತು ಮಾರಿದಾಗಿನಿಂದಲೂ ತಿನ್ನುವವನೊಬ್ಬ, ಕೊಳ್ಳುವವನೊಬ್ಬ. ಕೊಳ್ಳುವವನಿಗೆ ಮುದ್ದು ಮಾತು ದೊಡ್ಡಕ್ಷರದಲ್ಲಿ, ತಿನ್ನುವವನಿಗೆ ಬೇಕಾದದ್ದು ಇರುವೆ ಸಾಲಿನಲ್ಲಿ. ನಾಯಿ ಆಹಾರವೆಂದೇನು, ಔಷಧದ ಚೀಟಿ, ವಿಮೆಯ ಕಾಗದ, ಎಲ್ಲದರದ್ದೂ ಇದೇ ಹಣೆಬರಹ. ನಿಮ್ಮ ನಕ್ಷೆಯಲ್ಲಿಯೂ ‘ಮಗು’ ಮೂರು ಬಣ್ಣಗಳಲ್ಲಿ ನಗುತ್ತಿದೆ. 100 ಗ್ರಾಮಿಗೆ ಎಷ್ಟು ಕಿಲೋಕ್ಯಾಲರಿ ಎಂದು ಓದಲು ನಾನು ಭೂತಗನ್ನಡಿ ತರಿಸಬೇಕಾಯಿತು.

– ಸಂ.